ಐಡಿ ಕಾರ್ಡು ಒಬ್ಬರದು, ಸಂಬಳದ ಚೀಟಿ ಇನ್ನೊಬ್ಬರದು

ಬಿಡದಿ ಬಸ್ ನಿಲ್ದಾಣದ ಹತ್ತಿರ ಒಂದು ದಿನಸಿ ಅಂಗಡಿ. ಸಂಜೆ ಪಾಳಿ ಬಿಡುವ ಹೊತ್ತಿಗೆ ಅಲ್ಲಿ ಹತ್ತು ನಿಮಿಷ ನಿಂತರೆ ಕೈಗಾರಿಕಾ ಪ್ರದೇಶದ ಅರ್ಧ ಸಮಾಚಾರ ಕಿವಿಗೆ ಬೀಳುತ್ತದೆ. ಮೊನ್ನೆ ಹೋದಾಗ ಯಜಮಾನರು ಸಾಲದ ಪುಸ್ತಕ ಬಿಚ್ಚಿಕೊಂಡು ಮುಖ ಗಂಟು ಹಾಕಿಕೊಂಡಿದ್ದರು.

"ನೋಡಿ ಸಾರ್, ಕೊರಳಲ್ಲಿ ದೊಡ್ಡ ಕಂಪನಿ ಟ್ಯಾಗು ಹಾಕ್ಕೊಂಡು ಬರ್ತಿದ್ದ. ನಂಬ್ಕೊಂಡು ಮೂರು ಸಾವಿರದ ಸಾಮಾನು ಕೊಟ್ಟೆ. ಆಮೇಲೆ ಆಸಾಮಿ ಪತ್ತೇನೇ ಇಲ್ಲ. ಗೇಟಿಗೆ ಹೋಗಿ ಕೇಳಿದ್ರೆ, ಆ ಹೆಸರಿನವನು ನಮ್ಮ ರೋಲಿನಲ್ಲೇ ಇಲ್ಲ ಅಂದ್ರು. ಹಂಗಾರೆ ಆ ಕಾರ್ಡು ಸುಳ್ಳಾ?"

ಕಾರ್ಡು ಸುಳ್ಳಲ್ಲ ಸ್ವಾಮಿ. ಗೇಟಿನವರು ಹೇಳಿದ್ದೂ ಸುಳ್ಳಲ್ಲ. ಆ ಹುಡುಗ ದುಡಿಯುತ್ತಿದ್ದುದು ಆ ಕಾರ್ಖಾನೆಯ ಒಳಗೇ. ಆದರೆ ಅವನಿಗೆ ಸಂಬಳ ಕೊಡುತ್ತಿದ್ದುದು ಬೆಂಗಳೂರಿನ ಯಾವುದೋ ಏಜೆನ್ಸಿ. ಕೊರಳಿನ ಕಾರ್ಡು ಗೇಟು ದಾಟುವುದಕ್ಕೆ ಕೊಟ್ಟ ಚೀಟಿ ಅಷ್ಟೇ, ನೌಕರಿಯ ಪತ್ರವಲ್ಲ. ಈ ವ್ಯತ್ಯಾಸ ಅಂಗಡಿಯವರಿಗೆ ತಿಳಿಯದಿದ್ದರೆ ಮೂರು ಸಾವಿರ ಹೋದೀತು. ಕೆಲಸಕ್ಕೆ ಸೇರುವವನಿಗೆ ತಿಳಿಯದಿದ್ದರೆ?

ಅದೇ ಮಾತು ಆಡುತ್ತಿರುವಾಗ ಯಜಮಾನರ ಸೋದರಳಿಯ ಮಾಗಡಿ ಬಸ್ಸಿನಿಂದ ಇಳಿದು ಬಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಮೊಬೈಲ್ ಮುಂದೆ ಹಿಡಿದು, "ಮಾವ, ಕಂಪನಿ ಕೆಲ್ಸ ಬಂದೈತೆ, ನೋಡು" ಅಂದ. ಅದರಲ್ಲಿದ್ದ ಒಕ್ಕಣೆ ಹೀಗಿತ್ತು: ಬಿಡದಿಯ ಹೆಸರಾಂತ ಬಹುರಾಷ್ಟ್ರೀಯ ಕಂಪನಿಗೆ ಡಿಪ್ಲೊಮಾ ಆದವರು ಬೇಕು, ಕಾಂಟ್ರ್ಯಾಕ್ಟ್ ಟು ಹೈರ್, ಥರ್ಡ್ ಪಾರ್ಟಿ ಪೇರೋಲ್, ಸಿಟಿಸಿ ತಿಂಗಳಿಗೆ 24,500, ಬಯೋಡೇಟಾ, ಆಧಾರ್, ಪ್ಯಾನ್ ಕೂಡಲೇ ಕಳುಹಿಸಿ.

ಕಂಪನಿಯ ಹೆಸರಿಲ್ಲ. ಸಂಬಳ ಕೊಡುವವರ ಹೆಸರೂ ಇಲ್ಲ. ಕೇಳಿರುವುದು ಮಾತ್ರ ಹುಡುಗನ ಎಲ್ಲ ಕಾಗದ!

ಹೆಸರು ಮುಚ್ಚಿಡುವುದೇಕೆ?

ಕಾಂಟ್ರ್ಯಾಕ್ಟ್ ಟು ಹೈರ್ ಎಂದರೆ, ಮೊದಲು ಕೆಲವು ತಿಂಗಳು ಏಜೆನ್ಸಿಯ ಲೆಕ್ಕದಲ್ಲಿ ದುಡಿಯುವುದು. ಕಾರ್ಖಾನೆಯವರಿಗೆ ಒಪ್ಪಿಗೆಯಾದರೆ ಆಮೇಲೆ ಅವರ ರೋಲಿಗೆ ಹೋಗುವುದು. ಥರ್ಡ್ ಪಾರ್ಟಿ ಪೇರೋಲ್ ಎಂದರೆ ಅಲ್ಲಿಯವರೆಗೆ ಕಾಗದದ ಮೇಲಿನ ಮಾಲೀಕ ಏಜೆನ್ಸಿ. ಕಾರ್ಖಾನೆಯನ್ನು ಕಾನೂನಿನ ಭಾಷೆಯಲ್ಲಿ ಪ್ರಧಾನ ಮಾಲೀಕ ಎನ್ನುತ್ತಾರೆ.

ಹೆಸರು ಹೇಳದಿರುವುದಕ್ಕೆಲ್ಲ ಮೋಸವೇ ಕಾರಣವಲ್ಲ. ಒಂದು ಕಾರ್ಖಾನೆ ಒಂದೇ ಕೆಲಸಕ್ಕೆ ನಾಲ್ಕು ಏಜೆನ್ಸಿಗಳಿಗೆ ಹೇಳಿರುತ್ತದೆ. ಹೆಸರು ಹೊರಬಿದ್ದರೆ ಹುಡುಗ ನೇರವಾಗಿ ಗೇಟಿಗೆ ಹೋದಾನು, ಇಲ್ಲವೇ ಇನ್ನೊಂದು ಏಜೆನ್ಸಿ ಹಿಡಿದಾನು ಎಂಬ ಭಯ ಇವರಿಗೆ. ಫೋನು ಮಾಡುವ ಆ ಹುಡುಗಿ ಅಥವಾ ಹುಡುಗ ಕೂಡ ತಿಂಗಳಿಗೆ ಇಷ್ಟು ಜನರನ್ನು ಸೇರಿಸಬೇಕೆಂಬ ಲೆಕ್ಕಕ್ಕೆ ಸಿಕ್ಕವರೇ.

ಆದರೆ ಗುಟ್ಟಿನ ನಷ್ಟ ಬೀಳುವುದು ಕೆಲಸ ಹುಡುಕುವವನ ತಲೆಗೆ. ಹೆಸರು ಗೊತ್ತಿಲ್ಲದೆ ಇಬ್ಬರು ಏಜೆಂಟರಿಗೆ ಬಯೋಡೇಟಾ ಕೊಟ್ಟರೆ ಎರಡೂ ಒಂದೇ ಕಾರ್ಖಾನೆಯ ಮೇಜಿಗೆ ಹೋಗಿ ಬೀಳುತ್ತವೆ. ಈತನನ್ನು ಕಳುಹಿಸಿದ್ದು ನಾವು, ನಾವು ಎಂದು ಇಬ್ಬರೂ ಜಗಳಕ್ಕೆ ನಿಂತರೆ, ತಂಟೆಯೇ ಬೇಡವೆಂದು ಕಾರ್ಖಾನೆಯವರು ಆ ಹೆಸರನ್ನೇ ಹೊಡೆದುಹಾಕುವುದುಂಟು. ಹುಡುಗನಿಗೆ ತನ್ನ ಕೆಲಸ ಯಾಕೆ ಹೋಯಿತೆಂಬುದೂ ತಿಳಿಯುವುದಿಲ್ಲ.

ಉತ್ತರ ಹೀಗೆ ಬರೆದೆವು

ಅಂಗಡಿ ಕಟ್ಟೆಯ ಮೇಲೆ ಕೂತು ಮೂವರೂ ಸೇರಿ ಉತ್ತರ ಬರೆದೆವು. ಸಿಟ್ಟಿನ ಮಾತಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ.

"ನಮಸ್ಕಾರ. ಈ ಕೆಲಸದಲ್ಲಿ ಆಸಕ್ತಿ ಇದೆ. ಮುಂದುವರಿಯುವ ಮುನ್ನ ನಾಲ್ಕು ವಿಷಯ ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ. ಒಂದು, ನಾನು ಕೆಲಸ ಮಾಡಬೇಕಾದ ಕಾರ್ಖಾನೆ ಯಾವುದು? ಎರಡು, ನೇಮಕಾತಿ ಪತ್ರ ಮತ್ತು ಪಿಎಫ್ ಯಾವ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ, ಅದರ ಪಿಎಫ್ ಕೋಡ್ ನಂಬರ್ ಏನು? ಮೂರು, ಕಾರ್ಖಾನೆಯ ಜೊತೆ ಒಪ್ಪಂದ ಇರುವುದು ನಿಮ್ಮ ಸಂಸ್ಥೆಗೋ, ನಡುವೆ ಬೇರೆಯವರು ಇದ್ದಾರೋ? ನಾಲ್ಕು, ಎಷ್ಟು ತಿಂಗಳಾದ ಮೇಲೆ, ಯಾರ ತೀರ್ಮಾನದಿಂದ ಕಂಪನಿ ರೋಲಿಗೆ ತೆಗೆದುಕೊಳ್ಳುತ್ತಾರೆ, ಅದು ಪತ್ರದಲ್ಲಿ ಬರೆದಿರುತ್ತದೆಯೇ? ನನ್ನನ್ನು ಕೇಳದೆ ನನ್ನ ಬಯೋಡೇಟಾ ಯಾರಿಗೂ ಕಳುಹಿಸಬೇಡಿ."

ಬಯೋಡೇಟಾ ಜೊತೆಗಿಟ್ಟೆವು. ಆಧಾರ್, ಪ್ಯಾನ್ ಇಡಲಿಲ್ಲ. ಅವು ಬೇಕಾಗುವುದು ಪಿಎಫ್ ಖಾತೆ, ಸಂಬಳದ ಲೆಕ್ಕಕ್ಕೆ; ಅಂದರೆ ಕೆಲಸ ಸಿಕ್ಕ ಮೇಲೆ.

ಕಾಲು ಗಂಟೆಯಲ್ಲಿ ಫೋನು ಬಂತು. "ಕ್ಲೈಂಟ್ ಹೆಸರು ಕಾನ್ಫಿಡೆನ್ಶಿಯಲ್ ಸರ್, ಇಂಟರ್‌ವ್ಯೂ ಫಿಕ್ಸ್ ಆದ್ಮೇಲೆ ಹೇಳ್ತೀವಿ" ಎಂದಿತು ಆ ಕಡೆಯ ದನಿ. ಇದು ನ್ಯಾಯವಾದ ಮಾತೇ. ಇಂಟರ್‌ವ್ಯೂ ದಿನ ಗೊತ್ತಾಗುವವರೆಗೆ ಕಾಯಬಹುದು. ಆ ಮೇಲೂ ಹೆಸರು ಬಾರದಿದ್ದರೆ ಎದ್ದು ಬರುವುದೇ ಲೇಸು.

ಮೂರನೆಯ ಪ್ರಶ್ನೆಗೆ ಬಂದ ಉತ್ತರದಿಂದ ಮಾತ್ರ ಯಜಮಾನರ ಹುಬ್ಬು ಮೇಲೇರಿತು. "ನಾವು ಜನ ಹುಡುಕಿ ಕೊಡೋರು ಅಷ್ಟೇ ಸರ್. ಪೇರೋಲ್ ಬೇರೆ ಸಂಸ್ಥೆದು" ಎಂದರು. ಅಂದರೆ ಫೋನು ಮಾಡಿದವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು, ಕೆಲಸ ಹೇಳುವವರು ಮತ್ತೊಬ್ಬರು. "ಒಂದು ಮದ್ವೆಗೆ ಮೂರು ಜನ ಬ್ರೋಕರ್ರು!" ಎಂದರು ಯಜಮಾನರು.

ಹೆಸರು ಸಿಕ್ಕಿತು, ಸಂಸ್ಥೆ ಸಿಗಲಿಲ್ಲ

ಸಂಬಳ ಕೊಡುವ ಸಂಸ್ಥೆಯ ಹೆಸರು ಸಂದೇಶದಲ್ಲಿ ಬಂತು. ಅದು ನಿಜವೋ ಸುಳ್ಳೋ ನೋಡುವುದಕ್ಕೆ ಯಾರ ಶಿಫಾರಸೂ ಬೇಡ. ಭವಿಷ್ಯನಿಧಿ ಸಂಘಟನೆಯ, ಅಂದರೆ EPFO ವೆಬ್‌ಸೈಟಿನಲ್ಲಿ `Establishment Search` ಎಂಬ ಪುಟವಿದೆ. ಲಾಗಿನ್ ಬೇಕಿಲ್ಲ. ಸಂಸ್ಥೆಯ ಹೆಸರನ್ನೋ ಕೋಡ್ ನಂಬರನ್ನೋ ಹಾಕಿದರೆ ಅದರ ನೋಂದಾಯಿತ ಹೆಸರು, ವಿಳಾಸ ಬರುತ್ತದೆ. ಹಣ ಕಟ್ಟಿದ ವಿವರ ತೆಗೆದರೆ ಯಾವ ತಿಂಗಳಿಗೆ ಎಷ್ಟು ನೌಕರರ ಪಿಎಫ್ ಯಾವ ದಿನ ಕಟ್ಟಿದ್ದಾರೆ ಎಂಬುದೂ ಕಾಣುತ್ತದೆ.

ಹುಡುಗ ಹೆಸರು ಹಾಕಿ ನೋಡಿದ. ಏನೂ ಬರಲಿಲ್ಲ. "ಮೋಸ ಮಾವ, ಬಿಟ್ಬಿಡನಾ" ಎಂದ. ಅಷ್ಟು ಬೇಗ ಬಿಡಬೇಕಾಗಿಲ್ಲ. ಬೋರ್ಡಿನ ಮೇಲಿರುವ ಹೆಸರು ಬೇರೆ, ನೋಂದಣಿಯಾದ ಹೆಸರು ಬೇರೆ ಇರುವುದು ಏಜೆನ್ಸಿಗಳಲ್ಲಿ ಮಾಮೂಲು. ಅದಕ್ಕೇ ಕೋಡ್ ನಂಬರನ್ನೂ ಕೇಳಿದ್ದು. ಮರುದಿನ ಮತ್ತೆ ಕೇಳಿದಾಗ ನಂಬರ್ ಬಂತು. ಅದನ್ನು ಹಾಕಿದರೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು ಬಂತು, ತಿಂಗಳು ತಪ್ಪದೆ ಹಣ ಕಟ್ಟಿದ ಪಟ್ಟಿಯೂ ಬಂತು.

ಇಲ್ಲಿ ನೋಡಬೇಕಾದ್ದು ಎರಡು. ನಡುವೆ ತಿಂಗಳುಗಳು ಬಿಟ್ಟುಹೋಗಿವೆಯೇ? ಮತ್ತು ಏಜೆನ್ಸಿಯವರು ಹೇಳುವ ಜನಸಂಖ್ಯೆಗೂ ಪುಟದ ಸಂಖ್ಯೆಗೂ ತಾಳೆಯಿದೆಯೇ? ಐನೂರು ಜನ ಇದ್ದಾರೆಂದು ಹೇಳಿ ಹನ್ನೆರಡು ಜನರ ಪಿಎಫ್ ಕಟ್ಟಿದ್ದರೆ ಕೇಳಬೇಕಾದ ವಿಷಯವೇ. ದೊಡ್ಡ ಏಜೆನ್ಸಿಗಳಿಗೆ ಒಂದಕ್ಕಿಂತ ಹೆಚ್ಚು ಕೋಡ್ ಇರಬಹುದು. ಆದ್ದರಿಂದ ದೂರುವ ಮುಂಚೆ ಒಮ್ಮೆ ಕೇಳುವುದು ಒಳ್ಳೆಯದು.

ಇನ್ನೊಂದು ಮಾತು. ರಿಜಿಸ್ಟ್ರೇಷನ್, ಯೂನಿಫಾರಂ, ಐಡಿ ಕಾರ್ಡು ಎಂದು ಐನೂರೋ ಸಾವಿರವೋ ಮೊಬೈಲಿನಲ್ಲಿ ಹಾಕಿಸಿಕೊಳ್ಳುವವರಿದ್ದಾರೆ. ಗುತ್ತಿಗೆದಾರ ತನ್ನ ಕಾರ್ಮಿಕನಿಂದ ನೇರವಾಗಿಯಾಗಲಿ, ಸುತ್ತು ಬಳಸಿಯಾಗಲಿ ಫೀಸು, ಕಮಿಷನ್ ತೆಗೆದುಕೊಳ್ಳುವಂತಿಲ್ಲ ಎಂದು ಈಗಿನ ಕಾನೂನಿನಲ್ಲೇ ಇದೆ. ದುಡ್ಡು ಕೇಳಿದರೆಂದರೆ ಮಾತು ಅಲ್ಲಿಗೆ ಮುಗಿಯಿತು.

ಪತ್ರದಲ್ಲಿ ಏನಿತ್ತು?

ಇಂಟರ್‌ವ್ಯೂ ಕಾರ್ಖಾನೆಯೊಳಗೇ ಆಯಿತು. ಹತ್ತು ದಿನಕ್ಕೆ ಪತ್ರ ಬಂತು. ಪತ್ರದ ತಲೆಯ ಮೇಲೆ ಸಂಬಳ ಕೊಡುವ ಏಜೆನ್ಸಿಯ ಹೆಸರು. ಅವಧಿ 11 ತಿಂಗಳು. ಕಾಯಂ ಆಗುವ ವಿಷಯಕ್ಕೆ ಒಂದೇ ಸಾಲು: ಕ್ಲೈಂಟ್ ಸಂಸ್ಥೆಯ ಅಗತ್ಯ ಮತ್ತು ವಿವೇಚನೆಗೆ ಒಳಪಟ್ಟು ಪರಿಗಣಿಸಬಹುದು.

"ಪರಿಗಣಿಸಬಹುದು" ಎಂಬ ಮಾತನ್ನು ನಿಧಾನವಾಗಿ ಓದಬೇಕು. ಅದು ಭರವಸೆಯಲ್ಲ. ಆ ಸಾಲಿನ ಮೇಲೆ ನಿಂತು ನಾಳೆ ಯಾರೂ ಕೆಲಸ ಕೇಳುವಂತಿಲ್ಲ. ಹುಡುಗ ಇನ್ನೊಂದು ಪ್ರಶ್ನೆ ಕಳುಹಿಸಿದ: ಕಳೆದ ವರ್ಷ ಇದೇ ವಿಭಾಗಕ್ಕೆ ಸೇರಿದವರಲ್ಲಿ ಎಷ್ಟು ಜನ ರೋಲಿಗೆ ಹೋದರು, ನಮ್ಮನ್ನು ತೆಗೆದುಕೊಂಡರೆ ಕಾರ್ಖಾನೆಯವರು ನಿಮಗೆ ಹಣ ಕೊಡಬೇಕೇ?

ಈ ಎರಡನೆಯ ಭಾಗ ಅನೇಕರಿಗೆ ಹೊಳೆಯುವುದಿಲ್ಲ. ಅವಧಿಗೆ ಮುಂಚೆ ಆಳನ್ನು ರೋಲಿಗೆ ಎಳೆದುಕೊಂಡರೆ ಏಜೆನ್ಸಿಗೆ ಇಷ್ಟು ಕೊಡಬೇಕು, ಇಂತಿಷ್ಟು ತಿಂಗಳಾದ ಮೇಲೆ ಪುಕ್ಕಟೆ ಎಂದು ಇವರ ನಡುವಿನ ಒಪ್ಪಂದದಲ್ಲಿ ಬರೆದುಕೊಳ್ಳುವುದುಂಟು. ಏಜೆನ್ಸಿಗೆ ಬರುವ ಆದಾಯ ತಿಂಗಳು ತಿಂಗಳಿನ ಕಮಿಷನ್. ಹುಡುಗ ರೋಲಿಗೆ ಹೋದ ದಿನ ಆ ಕಮಿಷನ್ ನಿಲ್ಲುತ್ತದೆ. ಕಾಯಂ ಮಾಡಿಸುತ್ತೇವೆ ಎಂದು ಏಜೆನ್ಸಿಯವರು ಹೇಳುವಾಗ ಇದು ನೆನಪಿರಲಿ.

24,500 ಎಂದಿದ್ದೂ ಕೈಗೆ ಬರುವ ಸಂಬಳವಲ್ಲ. ಪತ್ರದಲ್ಲಿ ಬೇಸಿಕ್ ಮತ್ತು ಡಿಎ 15,000, ಇತರೆ ಭತ್ಯೆ 5,000. ಉಳಿದ ನಾಲ್ಕೂವರೆ ಸಾವಿರ ಮಾಲೀಕನ ಪಾಲಿನ ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಎಂದು ತೋರಿಸಿದ ಲೆಕ್ಕ. ಇಪ್ಪತ್ತು ಸಾವಿರದಲ್ಲಿ ಹುಡುಗನ ಪಾಲಿನ ಪಿಎಫ್ 1,800, ಇಎಸ್‌ಐ 150 ಕಳೆದರೆ ಕೈಗೆ 18,050. ಕ್ಯಾಂಟೀನು, ಬಸ್ಸಿನ ಹಣ ಹಿಡಿದರೆ ಇನ್ನೂ ಇಳಿಯುತ್ತದೆ.

ಸಂಬಳ ನಿಂತರೆ ಯಾರನ್ನು ಕೇಳುವುದು?

ಏಜೆನ್ಸಿ ಸಂಬಳ ಕೊಡದೆ ಬಾಗಿಲು ಹಾಕಿಕೊಂಡರೆ? ಬಹುಮಂದಿ ಕಾರ್ಖಾನೆಯ ಗೇಟಿನಲ್ಲಿ ಕೇಳುತ್ತಾರೆ, ನಮಗೆ ಸಂಬಂಧವಿಲ್ಲ ಎಂಬ ಉತ್ತರ ಪಡೆದು ಬರುತ್ತಾರೆ. ಆದರೆ ಸಂಬಂಧ ಇದೆ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಗುತ್ತಿಗೆದಾರ ತಪ್ಪಿದರೆ ಪ್ರಧಾನ ಮಾಲೀಕ ಸಂಬಳ ಕೊಡಬೇಕೆಂದು ಇತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯ್ದೆಯ ಜಾಗ ಹಿಡಿದವು. ಹೊಸದರಲ್ಲೂ ಈ ಹೊಣೆ ಉಳಿದಿದೆ: ಏಜೆನ್ಸಿ ಕೊಡದಿದ್ದರೆ ಕಾರ್ಖಾನೆ ಕೊಟ್ಟು, ಆಮೇಲೆ ಏಜೆನ್ಸಿಯಿಂದ ವಸೂಲು ಮಾಡಿಕೊಳ್ಳಬೇಕು. ಕ್ಯಾಂಟೀನು, ಕುಡಿಯುವ ನೀರು, ವಿಶ್ರಾಂತಿ ಕೊಠಡಿಯಂಥ ಸೌಲಭ್ಯವಂತೂ ಕಾರ್ಖಾನೆಯದೇ ಹೊಣೆ. ಲೈಸೆನ್ಸ್ ಬೇಕಾದ ಗುತ್ತಿಗೆದಾರ ಲೈಸೆನ್ಸ್ ಇಲ್ಲದೆ ಆಳು ಒದಗಿಸಿದ್ದರೆ ಆ ಆಳುಗಳು ಕಾರ್ಖಾನೆಯವರೆಂದೇ ಲೆಕ್ಕ.

ಇದಕ್ಕೆ ಮಿತಿಯೂ ಉಂಟು. ಹಳೆಯ ಕಾಯ್ದೆ 20 ಜನರಿಂದ ಅನ್ವಯವಾಗುತ್ತಿತ್ತು, ಹೊಸದರ ಗುತ್ತಿಗೆ ಭಾಗ 50 ಜನರಿಂದ. ಏಜೆನ್ಸಿಯಲ್ಲೇ ಕಾಯಂ ಆಗಿದ್ದು, ವರ್ಷ ವರ್ಷ ಬಡ್ತಿ, ಪಿಎಫ್ ಎಲ್ಲ ಪಡೆಯುವವರನ್ನು ಗುತ್ತಿಗೆ ಕಾರ್ಮಿಕರ ಲೆಕ್ಕದಿಂದ ಬಿಟ್ಟಿದ್ದಾರೆ. ಪತ್ರದ ಒಕ್ಕಣೆ ಮುಖ್ಯ ಎನ್ನುವುದು ಇದಕ್ಕೇ.

ನಡುವಿನ ಗೊಂದಲ ಎಲ್ಲಿಗೆ ಮುಟ್ಟಬಹುದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು, ಯಂತ್ರ, ವಾಹನ ಪುಡಿಮಾಡಿದರು. ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಹಲವು ಏಜೆನ್ಸಿಗಳ ಮೂಲಕ ಬಂದವರು. ಕಂಪನಿ ರೋಲಿನವರು ಸಾವಿರದ ಚಿಲ್ಲರೆ. ಹೇಳಿದ ಸಂಬಳ ಒಂದು, ಖಾತೆಗೆ ಬಿದ್ದದ್ದು ಇನ್ನೊಂದು ಎಂಬುದು ಅವರ ದೂರು. ಹಾಜರಿ ಲೆಕ್ಕ ಕಾರ್ಖಾನೆಯದು, ಸಂಬಳದ ಲೆಕ್ಕ ಏಜೆನ್ಸಿಯದು. ನಡುವೆ ತಪ್ಪಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆಪಲ್ ಸಂಸ್ಥೆ ಆ ಕಾರ್ಖಾನೆಗೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು. ಗಾಜು ಒಡೆದದ್ದು ಸರಿಯಲ್ಲ. ಆದರೆ ಸಂಬಳದ ದೂರು ಸುಳ್ಳಾಗಿರಲಿಲ್ಲ.

ಕಲ್ಲಿಕೋಟೆಯ ಹಗ್ಗ

ನಿಜವಾದ ಮಾಲೀಕ ಯಾರೆಂಬ ಪ್ರಶ್ನೆ ಇಂದಿನದಲ್ಲ. 1978ರಲ್ಲಿ ಕಲ್ಲಿಕೋಟೆಯ ಆಲತ್ ಎಂಬ ಹಗ್ಗದ ಕಾರ್ಖಾನೆಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 29 ಕೆಲಸಗಾರರನ್ನು ಕೆಲಸದಿಂದ ಬಿಟ್ಟಿದ್ದರು. ಇವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ ಎಂದರು ಮಾಲೀಕರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಕಾಗದದ ಹಿಂದೆ ಇಣುಕಿ ನೋಡಿತು. ನಾರು ಕಾರ್ಖಾನೆಯದು, ಜಾಗ ಮತ್ತು ಸಲಕರಣೆ ಕಾರ್ಖಾನೆಯದು, ಸಿದ್ಧವಾದ ಹಗ್ಗ ಕಾರ್ಖಾನೆಗೇ ಹೋಗುತ್ತಿತ್ತು. ಹಾಗಿದ್ದ ಮೇಲೆ ಮಾಲೀಕರೂ ಅವರೇ ಎಂದು ತೀರ್ಪಾಯಿತು.

ಈಚಿನ ತೀರ್ಪುಗಳು ಅಷ್ಟು ಧಾರಾಳವಲ್ಲ. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಆಳುಗಳು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದಿತು. ಒಪ್ಪಂದವೇ ಬರೀ ತೋರಿಕೆಯದೆಂದು ಸಾಬೀತಾದರೆ ಮಾತ್ರ ಬೇರೆ ಮಾತು. ಸಾಬೀತು ಮಾಡುವಾಗ ಕೋರ್ಟು ನೋಡುವುದು ಹೆಚ್ಚು ಕಡಿಮೆ ಇವನ್ನೇ: ನೇಮಿಸಿದವರು ಯಾರು, ಸಂಬಳ ಕೊಟ್ಟವರು ಯಾರು, ತೆಗೆದುಹಾಕುವ ಮತ್ತು ಶಿಸ್ತುಕ್ರಮ ಹೂಡುವ ಅಧಿಕಾರ ಯಾರದು, ಕೆಲಸದ ಮೇಲಿನ ಹಿಡಿತ ಯಾರದು, ಸೇವೆ ಎಡೆಬಿಡದೆ ನಡೆದಿದೆಯೇ.

ಅದಕ್ಕೆ ಕೆಲಸಗಾರ ಒಂದು ಕೆಲಸ ಮಾಡಬೇಕು. 11 ತಿಂಗಳಿಗೊಮ್ಮೆ ಏಜೆನ್ಸಿ ಬದಲಾಗಿ, ಆಳು ಮಾತ್ರ ಅದೇ ಯಂತ್ರದ ಮುಂದೆ ಅದೇ ಸೂಪರ್‌ವೈಸರನ ಕೆಳಗೆ ಇರುವುದು ಇಲ್ಲಿ ಹೊಸದಲ್ಲ. ಹಾಗಾದಾಗ ಹಳೆಯ ಪತ್ರ ಎಸೆಯಬಾರದು. ಪ್ರತಿ ಏಜೆನ್ಸಿಯ ನೇಮಕಾತಿ ಪತ್ರ, ಸಂಬಳದ ಚೀಟಿ, ಗೇಟ್ ಪಾಸಿನ ಚಿತ್ರ ಇಟ್ಟುಕೊಳ್ಳಬೇಕು. ಪಿಎಫ್ ಪಾಸ್‌ಬುಕ್ಕಿನಲ್ಲಿ ಯಾವ ಸಂಸ್ಥೆ ಯಾವ ತಿಂಗಳು ಕಟ್ಟಿತೆಂದು ಸಾಲಾಗಿ ಇರುತ್ತದೆ. ಯುಎಎನ್ ನಂಬರ್ ಒಂದೇ ಇರಲಿ. ಪ್ರತಿ ಏಜೆನ್ಸಿಗೂ ಹೊಸದು ಮಾಡಿಸಿಕೊಂಡರೆ ಸಾಕ್ಷಿಯೂ ಚೂರು, ದುಡ್ಡೂ ಚೂರು. ಬಿಟ್ಟು ಬರುವಾಗ ಅನುಭವ ಪತ್ರ ಕೇಳಿದರೆ ಕೊಡಬೇಕಾದ್ದು ಗುತ್ತಿಗೆದಾರನ ಕರ್ತವ್ಯ.

ಕೊನೆಗೆ ಹುಡುಗ ಸೇರಿದ. ಕಳೆದ ವರ್ಷ ಎಷ್ಟು ಜನ ರೋಲಿಗೆ ಹೋದರೆಂಬ ಪ್ರಶ್ನೆಗೆ ಏಜೆನ್ಸಿಯಿಂದ ಉತ್ತರ ಬರಲಿಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಓಡಾಡುವ ಹಳಬರನ್ನು ವಿಚಾರಿಸಿದಾಗ, "ನಮ್ ಬ್ಯಾಚಿನಾಗೆ ಇಬ್ರು ಹೋದ್ರು ಕಣಪ್ಪ, ಇಪ್ಪತ್ತು ಜನ ಇದ್ವಿ" ಎಂದರಂತೆ. "ಇಬ್ರಲ್ಲಿ ನಾನೊಬ್ಬ ಆಗ್ಬೋದು ಮಾವ, ಆಗ್ದೇ ಇದ್ರೆ 11 ತಿಂಗ್ಳು ಕೆಲ್ಸ ಕಲ್ತಂಗೆ ಆಯ್ತು" ಎಂದು ಲೆಕ್ಕ ಹಾಕಿಯೇ ಹೋದ.

ಮೊದಲ ತಿಂಗಳ ಸಂಬಳ ಬಂದ ದಿನ ಅವನ ಪಾಸ್‌ಬುಕ್ಕು ತೆರೆದು ನೋಡಿದೆವು. ಕೋಡ್ ನಂಬರ್ ಅದೇ, ಹೆಸರೂ ಅದೇ. ಯಜಮಾನರು ಸಾಲದ ಪುಸ್ತಕದಲ್ಲಿ ಹೊಸ ಗೆರೆ ಹಾಕಿದ್ದಾರೆ. ಈಗ ಅವರು ಕಾರ್ಖಾನೆ ಹುಡುಗರಿಗೆ ಉದ್ರಿ ಕೊಡುವಾಗ ಕೊರಳ ಟ್ಯಾಗು ನೋಡುವುದಿಲ್ಲ.

"ಸಂಬಳದ ಚೀಟಿ ತೋರ್ಸಪ್ಪ" ಅನ್ನುತ್ತಾರೆ.